ಪಾಠದ ವಿಡಿಯೊದಲ್ಲಿ ಓಡುವ ಕಪ್ಪು ಪಟ್ಟಿಗಳು

ಬೋಧನಾಭ್ಯಾಸದ ಪಾಠಗಳನ್ನು ಮೊಬೈಲಿನಲ್ಲಿ ಚಿತ್ರಿಸಿ, ಸಂಜೆ ಎಲ್ಲರೂ ಕೂತು ನೋಡಿ ಹಿಮ್ಮಾಹಿತಿ ಕೊಡುವ ಪದ್ಧತಿ ನಮ್ಮಲ್ಲಿದೆ. ಕಳೆದ ವರ್ಷ ಒಬ್ಬ ಪ್ರಶಿಕ್ಷಣಾರ್ಥಿಯ ಒಂಬತ್ತನೇ ತರಗತಿಯ ರೇಖಾಗಣಿತದ ಪಾಠವನ್ನು ಹೀಗೆ ನೋಡಿದಾಗ, ಕರಿಹಲಗೆಯ ಮೇಲೆ ಎರಡು ಮೂರು ಮಸುಕಾದ ಅಡ್ಡಪಟ್ಟಿಗಳು ಬಿಡದೆ ಹರಿದಾಡುತ್ತಿದ್ದವು. ಸಹಪಾಠಿಗಳಲ್ಲಿ ಹಲವರು ಅವಲೋಕನ ಪತ್ರದಲ್ಲಿ 'ಕರಿಹಲಗೆಯ ಬರಹ ಸ್ಪಷ್ಟವಿಲ್ಲ' ಎಂದು ಬರೆದರು. ಆಕೆ ನನ್ನ ಬಳಿ ಬಂದು, "ಸರ್, ನನ್ನ ಬರಹ ಅಷ್ಟು ಮಸುಕಾಗಿತ್ತಾ?" ಎಂದು ಕೇಳಿದರು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಅದು ಚೆನ್ನಾಗಿಯೇ ಕಂಡಿತ್ತು. ದೋಷ ಬರಹದಲ್ಲಿರಲಿಲ್ಲ, ಬೆಳಕು ಮತ್ತು ಕ್ಯಾಮೆರಾದ ಲಯ ಹೊಂದಿರಲಿಲ್ಲ.

ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಹೆಚ್ಚು ಕಡಿಮೆಯಾಗಿ ಉರಿಯುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಹಲವು ಹಾಗೆಯೇ. ಕಣ್ಣಿಗೆ ಇದು ತಿಳಿಯದು. ಆದರೆ ಮೊಬೈಲಿನ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಲೇ ಹಿಡಿಯುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಹಿಡಿಯುತ್ತದೆ. ಬೆಳಕು ಹೆಚ್ಚಿದ್ದಾಗ ಹಿಡಿದ ಸಾಲು ಬೆಳಗುತ್ತದೆ, ಕಡಿಮೆಯಾದಾಗ ಹಿಡಿದ ಸಾಲು ಮಂಕಾಗುತ್ತದೆ. ಪಟ್ಟಿ ಹುಟ್ಟುವುದು ಹೀಗೆ.

ಪರಿಹಾರವೂ ಇದರೊಳಗೇ ಇದೆ. ಬೆಳಕಿನ ಒಂದು ಏರಿಳಿತಕ್ಕೆ 1/100 ಸೆಕೆಂಡು ಬೇಕು. ಶಟರ್ ಅಷ್ಟೇ ಹೊತ್ತು, ಇಲ್ಲವೇ ಅದರ ಎರಡರಷ್ಟು, ಅಂದರೆ 1/50 ಸೆಕೆಂಡು ತೆರೆದಿದ್ದರೆ ಪ್ರತಿ ಸಾಲಿಗೂ ಪೂರ್ಣ ಏರಿಳಿತ ಸಿಗುತ್ತದೆ, ಪಾಲು ಸಮನಾಗುತ್ತದೆ. 1/60 ಇದ್ದರೆ ಪಾಲು ಸ್ವಲ್ಪ ಏರುಪೇರು. 1/250 ಇದ್ದರೆ ಅರ್ಧ ಏರಿಳಿತವೂ ಸಿಗದೆ ಪಟ್ಟಿ ಗಾಢವಾಗುತ್ತದೆ. ನಮ್ಮ ತರಗತಿಯಲ್ಲಿ ಆದದ್ದು ಇದೇ. ಚೌಕಟ್ಟಿನ ಎಡಗಡೆ ತೆರೆದ ಕಿಟಕಿ ಇತ್ತು. ಆ ಹೊಳಪನ್ನು ತಗ್ಗಿಸಲು ಮೊಬೈಲು ತಾನಾಗಿಯೇ ಶಟರ್ ವೇಗ ಹೆಚ್ಚಿಸಿತ್ತು.

ಮುಂದಿನ ಪಾಠಕ್ಕೆ ಸ್ಟ್ಯಾಂಡನ್ನು ಕಿಟಕಿಯ ಬದಿಗೆ ಸರಿಸಿದೆವು, ಕಿಟಕಿ ಚೌಕಟ್ಟಿನಿಂದ ಹೊರಗುಳಿಯಿತು. ಕ್ಯಾಮೆರಾದ Pro Video ವಿಧಾನದಲ್ಲಿ ಶಟರನ್ನು 1/100ಕ್ಕೆ ನಿಲ್ಲಿಸಿದೆವು. ಚಿತ್ರ ಹೆಚ್ಚು ಬೆಳಗಿದಾಗ ಶಟರನ್ನು ಮುಟ್ಟದೆ ISO ಮಾತ್ರ ಇಳಿಸಿದೆವು. ಮಬ್ಬು ಕೊಠಡಿಯಾದರೆ 1/50 ಸಾಕು. ಪಾಠ ಶುರುವಾಗುವ ಮುನ್ನ ಬಿಳಿ ಗೋಡೆಯತ್ತ ಕ್ಯಾಮೆರಾ ಹಿಡಿದು ಹತ್ತು ಸೆಕೆಂಡು ಚಿತ್ರಿಸಿ, ಮತ್ತೆ ಹಾಕಿ ನೋಡುವುದು ಒಳ್ಳೆಯದು. ಕರಿಹಲಗೆಯ ಮೇಲೆ ತಪ್ಪಿಸಿಕೊಳ್ಳುವ ಪಟ್ಟಿ ಬಿಳಿ ಗೋಡೆಯ ಮೇಲೆ ಸಿಕ್ಕಿಬೀಳುತ್ತದೆ.

ಇದಕ್ಕೊಂದು ಮಿತಿ ಇದೆ. ಡಿಮ್ಮರ್‌ನಿಂದ ಬೆಳಕು ತಗ್ಗಿಸಿದ ಎಲ್‌ಇಡಿಗಳಲ್ಲಿ ಅನೇಕವು ಇನ್ನೂ ಬೇಗ ಬೇಗ ಆರಿ ಹತ್ತುತ್ತವೆ. ಆಗ ಪಟ್ಟಿಗಳು ಸಣ್ಣವಾಗಿ, ಒತ್ತೊತ್ತಾಗಿ ಕಾಣುತ್ತವೆ, 1/100 ಇಟ್ಟರೂ ಹೋಗದೆ ಉಳಿಯಬಹುದು. ಅಂಥ ದೀಪವನ್ನು ಪೂರ್ಣ ಪ್ರಕಾಶಕ್ಕೆ ತಿರುಗಿಸಬೇಕು, ಇಲ್ಲವೇ ಆರಿಸಿ ಕಿಟಕಿಯ ಬೆಳಕನ್ನೇ ನಂಬಬೇಕು.

ಚಿತ್ರಿಸಿ ಮುಗಿದ ಪಾಠವನ್ನು ಮತ್ತೆ ಮಾಡಿಸಲಾಗದು. ಆ ರೇಖಾಗಣಿತದ ಪಾಠವನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಿದ್ದು ಒಂದು ಲೆಕ್ಕ. ವಿಡಿಯೊ ಸೆಕೆಂಡಿಗೆ 30 ಚಿತ್ರಗಳದು. ಒಂದು ಚಿತ್ರದ ಅವಧಿಯಲ್ಲಿ ಬೆಳಕು ಮೂರೂ ಮೂರನೇ ಒಂದು ಏರಿಳಿತ ಮುಗಿಸುತ್ತದೆ. ಹಾಗಾಗಿ ಪಟ್ಟಿ ಪ್ರತಿ ಚಿತ್ರದಲ್ಲೂ ಮೂರನೇ ಒಂದು ಭಾಗ ಸರಿದು, ಮೂರು ಚಿತ್ರಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಮೂರು ಮೂರು ಚಿತ್ರಗಳ ಸರಾಸರಿ ತೆಗೆದರೆ ಪಟ್ಟಿಗಳು ಬಹುತೇಕ ಅಳಿಸಿಹೋಗುತ್ತವೆ. ಉಚಿತವಾಗಿ ಸಿಗುವ ffmpegನಲ್ಲಿ ಇದಕ್ಕೆ ಒಂದೇ ಸಾಲು:

```
ffmpeg -i lesson.mp4 -vf tmix=frames=3 -c:a copy lesson2.mp4
```

ಕರಿಹಲಗೆ ಅಲುಗಾಡದ್ದರಿಂದ ತ್ರಿಭುಜವೂ ಅಕ್ಷರಗಳೂ ಸ್ಪಷ್ಟವಾದವು. ಬೀಸುವ ಕೈಗೆ ಮಾತ್ರ ನೆರಳು ಅಂಟಿಕೊಂಡಿತು. ಸೆಕೆಂಡಿಗೆ 25 ಚಿತ್ರಗಳ ವಿಡಿಯೊದಲ್ಲಿ ಈ ಉಪಾಯ ಫಲಿಸದು. ಅಲ್ಲಿ ಒಂದು ಚಿತ್ರಕ್ಕೆ ಸರಿಯಾಗಿ ನಾಲ್ಕು ಏರಿಳಿತ, ಪಟ್ಟಿ ನಿಂತಲ್ಲೇ ನಿಂತಿರುತ್ತದೆ.

ಸರಿಪಡಿಸಿದ ವಿಡಿಯೊವನ್ನು ಗುಂಪಿಗೆ ಮತ್ತೊಮ್ಮೆ ತೋರಿಸಿದಾಗ ಬರಹದ ಬಗ್ಗೆ ಟೀಕೆ ಬರಲಿಲ್ಲ. ಬದಲಿಗೆ, ಆಕೆ ಸಾಧನೆಯ ಎರಡನೇ ಹಂತವನ್ನು ಮಕ್ಕಳನ್ನು ಕೇಳದೆ ತಾವೇ ಬರೆದುಬಿಟ್ಟದ್ದನ್ನು ಇಬ್ಬರು ಗುರುತಿಸಿದರು. ಮೊದಲ ಸಲ ಅದು ಪಟ್ಟಿಗಳ ಹಿಂದೆ ಮುಚ್ಚಿಹೋಗಿತ್ತು.