ಎಡಗೈಯ ಹಳೆಯ ಅಭ್ಯಾಸ

ಹನ್ನೆರಡು ವರುಷ ಗೇರಿಲ್ಲದ ಸ್ಕೂಟರನ್ನು ನಡೆಸಿದ ನಾನು, ಮೋಟಾರ್ ಸೈಕಲ್ಲು ನನಗೆ ಎರಡು ದಿನದ ಕೆಲಸವೆಂದು ಎಣಿಸಿದ್ದೆನು. ಪರವೂರಿಗೆ ವರ್ಗವಾದ ತಮ್ಮನು ತನ್ನ ಗಾಡಿಯನ್ನು ನನಗೆ ಬಿಟ್ಟುಹೋಗುವವನಾಗಿದ್ದನು. ಗೇರಿಲ್ಲದ ವಾಹನದ ಲೈಸೆನ್ಸು ಇದಕ್ಕೆ ಸಲ್ಲದಾದುದರಿಂದ, ಕಲಿಯುವವರ ಲೈಸೆನ್ಸನ್ನು ಪಡೆದು, ಸಂಜೆಯ ಹೊತ್ತು ಮೈದಾನದಲ್ಲಿ ಅವನಿಂದ ಪಾಠ ಹೇಳಿಸಿಕೊಂಡೆನು.

ಕ್ಲಚ್ಚನ್ನು ಒತ್ತಿ ಹಿಡಿದರೆ ಇಂಜಿನಿಗೂ ಹಿಂದಿನ ಚಕ್ರಕ್ಕೂ ಇರುವ ಸಂಬಂಧವು ತಪ್ಪುವುದು, ಬಿಟ್ಟರೆ ಕೂಡುವುದು. ಸ್ಕೂಟರಿನಲ್ಲಿ ಈ ಕೆಲಸವು ತಾನಾಗಿಯೇ ನಡೆಯುತ್ತಿದ್ದಿತು. ಇಲ್ಲಿ ನಾನು ಲಿವರನ್ನು ಥಟ್ಟನೆ ಬಿಟ್ಟುದರಿಂದ ಗಾಡಿಯು ಜಿಗಿದು ಇಂಜಿನು ನಿಂತುಹೋಯಿತು. ಮೆಲ್ಲಮೆಲ್ಲನೆ ಬಿಡುತ್ತ, ಇಂಜಿನಿನ ದನಿಯು ತುಸು ಕುಗ್ಗಿ ಗಾಡಿಯು ಮುಂದಕ್ಕೆ ತವಕಿಸುವ ಸ್ಥಾನದಲ್ಲಿ ಕೈಯನ್ನು ಕ್ಷಣಕಾಲ ತಡೆಯಬೇಕೆಂಬುದನ್ನು ಮೂರನೆಯ ಸಂಜೆ ಅರಿತೆನು. ಎಡಗಾಲಿನಿಂದ ಗೇರು ಬದಲಾಯಿಸುವುದೂ ಬೇಗನೆ ಕೈಗೂಡಿತು.

ಕೈಗೂಡದೆ ಉಳಿದುದು ನಿಲ್ಲಿಸುವ ವಿದ್ಯೆ. ಒಂದು ದಿನ ಇಳಿಜಾರಿನಲ್ಲಿ ಬರುತ್ತಿರಲು ಎಮ್ಮೆಯೊಂದು ಅಡ್ಡ ಬಂದಿತು. ನಾನು ಎಡಗೈಯ ಲಿವರನ್ನು ಬಿಗಿಯಾಗಿ ಒತ್ತಿದೆನು. ಗಾಡಿಯು ನಿಲ್ಲುವುದಕ್ಕೆ ಬದಲಾಗಿ ಇನ್ನೂ ಹಗುರವಾಗಿ ಜಾರಿತು! ಎಮ್ಮೆಯು ತಾನೇ ದಾಟಿಹೋದುದರಿಂದ ಉಳಿದೆನು.

"ಅಕ್ಕಾ, ನೀನು ಹಿಡಿದುದು ಬ್ರೇಕಲ್ಲ, ಕ್ಲಚ್ಚು," ಎಂದನು ತಮ್ಮ.

ಸ್ಕೂಟರಿನಲ್ಲಿ ಹಿಂದಿನ ಬ್ರೇಕು ಎಡಗೈಯಲ್ಲಿರುವುದು. ಇಲ್ಲಿ ಅದು ಬಲಗಾಲಿಗೆ ಸೇರಿದುದು. ಗಾಬರಿಯಾದಾಗ ಬುದ್ಧಿಗಿಂತ ಮೊದಲು ಹಳೆಯ ಅಭ್ಯಾಸವು ಕೈಯನ್ನು ನಡೆಸುತ್ತದೆ. ಕ್ಲಚ್ಚನ್ನು ಹಿಡಿದೊಡನೆ, ಇಳಿಜಾರಿನಲ್ಲಿ ಗಾಡಿಯನ್ನು ತಡೆಯುತ್ತಿದ್ದ ಇಂಜಿನಿನ ಹಿಡಿತವೂ ತಪ್ಪಿತ್ತು.

ತಮ್ಮನು ಎರಡು ನಿಯಮಗಳನ್ನು ವಿಧಿಸಿದನು. ಗಾಡಿಯು ಓಡುವಾಗ ಎಡಗೈಯ ಬೆರಳುಗಳು ಲಿವರಿನ ಮೇಲಿರದೆ ಹಿಡಿಯನ್ನು ಸುತ್ತಿರಬೇಕು. ಬಲಪಾದವು ಬ್ರೇಕಿನ ಮೇಲೆ ಭಾರವೂರದೆ ಅದರ ಸಮೀಪದಲ್ಲಿರಬೇಕು. ಬಳಿಕ ನೆಲದಲ್ಲಿ ಸುಣ್ಣದ ಗೆರೆಯೆಳೆದು, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬಂದು ಅಲ್ಲಿ ನಿಲ್ಲೆಂದನು. ಬಲಗೈ ಮುಂದಿನ ಬ್ರೇಕನ್ನೂ ಬಲಗಾಲು ಹಿಂದಿನದನ್ನೂ ಕೂಡಿ ಒತ್ತಬೇಕು. ವೇಗವು ಕುಗ್ಗಿ ಇಂಜಿನು ಅದುರತೊಡಗಿದಾಗ ಮಾತ್ರ ಕ್ಲಚ್ಚನ್ನು ಹಿಡಿದು, ಒಂದನೆಯ ಗೇರಿಗೆ ಇಳಿಯಬೇಕು. ದಿನಕ್ಕೆ ಮೂವತ್ತು ಸಲದಂತೆ ಇದನ್ನೇ ಮಾಡಿದೆನು. "ಕ್ಲಚ್ಚನ್ನು ಮರೆತರೆ ಇಂಜಿನು ನಿಲ್ಲುವುದು, ಅಷ್ಟೆ, ಬ್ರೇಕನ್ನು ಮರೆತರೆ ಗಾಡಿಯೇ ನಿಲ್ಲದು," ಎಂಬುದು ಅವನ ಮಾತು.

ತಿಂಗಳೆರಡು ಕಳೆದ ಮೇಲೆ ಬೀದಿಯಲ್ಲಿ ಮಗುವೊಂದು ಚೆಂಡಿನ ಹಿಂದೆ ಓಡಿಬಂದಿತು. ಬಲಗಾಲು ತಾನಾಗಿಯೇ ಒತ್ತಿತು, ಬಲಗೈಯೂ ಕೂಡಿತು. ಕ್ಲಚ್ಚನ್ನು ಮರೆತುದರಿಂದ ಇಂಜಿನು ನಿಂತಿತು. ಗಾಡಿಯೂ ಮಗುವಿಗೆ ಒಂದು ಮಾರು ದೂರದಲ್ಲಿ ನಿಂತಿತು.

ಈಗ ತಾಯಿಯವರ ಸ್ಕೂಟರನ್ನು ಏರಿದಾಗ ನನ್ನ ಬಲಗಾಲು ಬರಿಯ ಹಲಗೆಯನ್ನು ಒತ್ತುವುದುಂಟು. ಆದಕಾರಣ ಯಾವ ಗಾಡಿಯನ್ನೇರಿದರೂ, ಮನೆಯ ಬಾಗಿಲಲ್ಲಿಯೇ ಎರಡು ಸಲ ನಿಲ್ಲಿಸಿ ನೋಡಿಯೇ ಬೀದಿಗೆ ಇಳಿಯುವೆನು.