ಮೊದಲು ಆಡಿಟ್, ಆಮೇಲೆ ಒಪ್ಪಂದ

ವೆಬ್‌ಸೈಟ್ ಗೂಗಲ್‌ನಲ್ಲಿ ಸಿಗುತ್ತಿಲ್ಲ ಅಂತ ಬರುವವರ ಮುಂದೆ ನಾನು ನೇರವಾಗಿ ಆರು ತಿಂಗಳ ಎಸ್‌ಇಒ ಒಪ್ಪಂದ ಇಡುವುದಿಲ್ಲ. ಮೊದಲು 15,000 ರೂಪಾಯಿಗೆ ಒಂದು ಆಡಿಟ್. ಮುಂದಿನ ಕೆಲಸ ನನಗೇ ಕೊಟ್ಟರೆ ಆ ಹಣವನ್ನು ಬಿಲ್ಲಿನಲ್ಲಿ ಕಳೆಯುತ್ತೇನೆ, ಬೇರೆಯವರಿಗೆ ಕೊಟ್ಟರೂ ವರದಿ ಗ್ರಾಹಕರದೇ. ಪುಕ್ಕಟೆ ಮಾತ್ರ ಮಾಡುವುದಿಲ್ಲ. ದುಡ್ಡು ಕೊಟ್ಟವರು ಸರ್ಚ್ ಕನ್ಸೋಲ್‌ಗೆ ಪ್ರವೇಶವನ್ನೂ ಕೊಡುತ್ತಾರೆ, ವರದಿ ಹಿಡಿದು ಕೂತು ಪ್ರಶ್ನೆಯನ್ನೂ ಕೇಳುತ್ತಾರೆ.

ಒಂದು ಫರ್ನಿಚರ್ ಅಂಗಡಿಯ ಸೈಟಿಗೆ ಹೊಸ ವಿನ್ಯಾಸ ಬಂದಮೇಲೆ ವಿಚಾರಿಸುವ ಫೋನ್‌ಗಳೇ ನಿಂತಿದ್ದವು. ಸರ್ಚ್ ಕನ್ಸೋಲ್ ತೆರೆದರೆ ಸೋಫಾ, ಮಂಚದ ಪುಟಗಳೆಲ್ಲ ಈ ಸಾಲಿನಿಂದಾಗಿ ಹೊರಗೆ:

```
<meta name="robots" content="noindex">
```

ಪರೀಕ್ಷೆಗೆಂದು ಹಾಕಿದ್ದನ್ನು ತೆಗೆಯಲು ಮರೆತಿದ್ದರು. ಅಳಿಸಲು ಐದು ನಿಮಿಷ ಸಾಕು. ಇಂಥದ್ದನ್ನು ಮುಂದಿನ ಕೆಲಸಕ್ಕಾಗಿ ಮುಚ್ಚಿಡಬಾರದು, ವರದಿಯ ಮೊದಲ ಪುಟದಲ್ಲೇ ಬರೆಯಬೇಕು. ಹಳೆಯ ವಿಳಾಸಗಳನ್ನೆಲ್ಲ ಹೊಸದಕ್ಕೆ 301 ಮೂಲಕ ತಿರುಗಿಸುವುದು, ಎರಡೇ ಸಾಲಿನ ಉತ್ಪನ್ನ ವಿವರಗಳನ್ನು ಮತ್ತೆ ಬರೆಯುವುದು ವಾರಗಟ್ಟಲೆಯ ಕೆಲಸ. ಅಂಗಡಿಯವರು ದೊಡ್ಡ ಒಪ್ಪಂದಕ್ಕೆ ಒಪ್ಪಿದ್ದು ಅದಕ್ಕೆ.

ಸೈಟಿನಲ್ಲಿ ಹೇಳಿಕೊಳ್ಳುವಂಥ ದೋಷ ಇಲ್ಲದಿದ್ದರೆ, ಇಲ್ಲ ಅಂತಲೇ ಬರೆದುಕೊಡಿ.