ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ

ಕಳೆದ ಬೇಸಿಗೆಯಲ್ಲಿ ಕುಡಿಯುವ ನೀರಿನ ಬಗ್ಗೆ ಮೊಬೈಲ್‌ನಲ್ಲೇ ನಡೆದ ಒಂದು ಸಭೆಯನ್ನು ನಾವು ದಾಸನಕೊಪ್ಪದ ಮನೆಯಲ್ಲಿ ಕುಳಿತು ಸ್ಕ್ರೀನ್ ರೆಕಾರ್ಡ್ ಮಾಡಿದೆವು. 40 ನಿಮಿಷದ ಆ ವಿಡಿಯೊದ ಕೊನೆಯ ತುಣುಕು ಕತ್ತರಿಸಿ ಊರಿನ ಗ್ರೂಪಿಗೆ ಹಾಕಿದೆವು. ಸಂಜೆಯೇ ಹಿರಿಯರೊಬ್ಬರ ಫೋನು ಬಂತು. "ತಮ್ಮಾ, ನೀರು ಬರ್ತದೆ, ತೊಂದರೆ ಇಲ್ಲ ಅಂತ ನಾನೆಲ್ಲಿ ಹೇಳಿದೆ? ನನ್ನ ಬಾಯಿಗೆ ಯಾಕೆ ಹಾಕಿದಿ?"

ನೋಡಿದರೆ ಅವರ ಮಾತು ನಿಜ. ಚಿತ್ರ ಮುಂದೆ ಓಡಿತ್ತು, ದನಿ ಮೂರು ಸೆಕೆಂಡು ಹಿಂದೆ ಉಳಿದಿತ್ತು. ಮೊದಲು ಮಾತಾಡಿದವರ ದನಿ ಮುಗಿಯುವ ಮೊದಲೇ ಪರದೆಯ ಮೇಲೆ ಇವರ ಮುಖ ಬಂದಿತ್ತು. ತುಣುಕು ಅಳಿಸಿ, ಕ್ಷಮೆ ಕೇಳಿದೆವು. ಆಮೇಲೆ ಕಾರಣ ಹುಡುಕಿದೆವು.

ದನಿ ಒಂದೇ ವೇಗದಲ್ಲಿ ದಾಖಲಾಗುತ್ತದೆ. ಚಿತ್ರ ಹಾಗಲ್ಲ. ಪರದೆಯಲ್ಲಿ ಏನೂ ಬದಲಾಗದಿದ್ದರೆ, ಅಥವಾ ಮೊಬೈಲ್ ಬಿಸಿಯಾಗಿ ನಿಧಾನವಾದರೆ, ಅದು ಕೆಲವು ಫ್ರೇಮು ಬಿಡುತ್ತದೆ. ಪ್ರತಿ ಫ್ರೇಮಿನ ಸಮಯ ಫೈಲಿನಲ್ಲಿ ಬರೆದಿರುವುದರಿಂದ ಸುಮ್ಮನೆ ನೋಡುವಾಗ ಎಲ್ಲ ಸರಿ ಕಾಣುತ್ತದೆ. ಕೆಲವು ಎಡಿಟಿಂಗ್ ಆಪ್‌ಗಳು ಮಾತ್ರ ಆ ಸಮಯ ನೋಡದೆ, ಸೆಕೆಂಡಿಗೆ 30 ಫ್ರೇಮು ಎಂದೇ ಎಣಿಸುತ್ತವೆ. 40 ನಿಮಿಷಕ್ಕೆ 72,000 ಫ್ರೇಮು ಇರಬೇಕು. ಅದರಲ್ಲಿ 90 ಕಡಿಮೆಯಾದರೆ ಚಿತ್ರ 3 ಸೆಕೆಂಡು ಮೊದಲೇ ಮುಗಿಯುತ್ತದೆ. ನಮಗೆ ಆಗಿದ್ದು ಇದೇ.

ನಿಮ್ಮ ವಿಡಿಯೊದಲ್ಲೂ ಹೀಗಾದರೆ ಆರಂಭ, ನಡು, ಕೊನೆ ಮೂರು ಕಡೆ ತುಟಿ ಗಮನಿಸಿ. ಎಲ್ಲ ಕಡೆ ಅಂತರ ಒಂದೇ ಇದ್ದರೆ ಆಡಿಯೊ ಬೇರ್ಪಡಿಸಿ ಅಷ್ಟೇ ಸರಿಸಿದರೆ ಸಾಕು. ಮೊದಲು ಸರಿಯಿದ್ದು ಹೋಗ್ತಾ ಹೋಗ್ತಾ ಅಂತರ ಹೆಚ್ಚಾದರೆ ಸರಿಸಿ ಪ್ರಯೋಜನವಿಲ್ಲ, ಒಂದು ಕಡೆ ಕೂಡಿದರೆ ಇನ್ನೊಂದು ಕಡೆ ತಪ್ಪುತ್ತದೆ. ಆಗ ಕತ್ತರಿಸುವ ಮೊದಲೇ ಮೂಲ ಫೈಲನ್ನು ಒಂದೇ ಫ್ರೇಮ್ ವೇಗಕ್ಕೆ ತರಬೇಕು. ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ತೆರೆದು, `Video` ವಿಭಾಗದಲ್ಲಿ `Framerate` 30 ಇಟ್ಟು, `Constant Framerate` ಆರಿಸಿ. ಎಫ್‌ಎಫ್‌ಎಂಪೆಗ್ ಇದ್ದವರಿಗೆ ಒಂದೇ ಸಾಲು:

```
ffmpeg -i sabhe.mp4 -vf fps=30 -c:v libx264 -crf 18 -c:a aac out.mp4
```

ಬಿಟ್ಟುಹೋದ ಜಾಗದಲ್ಲಿ ಹಿಂದಿನ ಫ್ರೇಮನ್ನೇ ಮತ್ತೆ ಇಟ್ಟು ಇದು ಲೆಕ್ಕ ತುಂಬಿಸುತ್ತದೆ. ಹೊಸ ಫೈಲನ್ನು ಎಡಿಟ್ ಮಾಡಿ.

ಮೊಬೈಲ್ ಒಂದೇ ಇದ್ದರೆ, ನಿಮಗೆ ಬೇಕಾದ ತುಣುಕನ್ನು ಮಾತ್ರ ಕತ್ತರಿಸಿ, ಅದರ ಆಡಿಯೊ ಬೇರ್ಪಡಿಸಿ ತುಟಿಗೆ ಕೂಡಿಸಿ. ಒಂದೆರಡು ನಿಮಿಷದಲ್ಲಿ ಜಾರುವುದು ಕಣ್ಣಿಗೆ ಕಾಣುವಷ್ಟಿರುವುದಿಲ್ಲ.

ನೆಟ್‌ವರ್ಕ್ ಸಿಗದೆ ಸಭೆಯಲ್ಲೇ ತುಟಿ ದನಿ ತಪ್ಪಿದ್ದರೆ ಈ ಉಪಾಯ ನಡೆಯುವುದಿಲ್ಲ. ಮೂಲ ಫೈಲು ಅಳಿಸಿದ್ದರೂ ಅಷ್ಟೇ. ಆಪ್‌ನಿಂದ ಹೊರಬಂದ ವಿಡಿಯೊದಲ್ಲಿ ಫ್ರೇಮುಗಳ ನಿಜವಾದ ಸಮಯ ಉಳಿದಿರುವುದಿಲ್ಲ.

ನಮ್ಮ ಬಳಿ ಮೂಲ ಫೈಲು ಇತ್ತು. ಸರಿಮಾಡಿದ ತುಣುಕನ್ನು ಮೊದಲು ಆ ಹಿರಿಯರಿಗೇ ಕಳಿಸಿದೆವು. "ಈಗ ಹಾಕು" ಅಂದರು. ಈಗ ಸಭೆ ಶುರುವಾಗುವಾಗ ಒಮ್ಮೆ, ಮುಗಿಯುವಾಗ ಒಮ್ಮೆ ಯಾರಾದರೂ ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿ ಎಂದು ಕೇಳಿಕೊಳ್ಳುತ್ತೇವೆ. ಕೈ ಕೂಡಿದ್ದಕ್ಕೂ ಸದ್ದಿಗೂ ಎಷ್ಟು ಅಂತರ ಎಂಬುದು ಅಲ್ಲೇ ಗೊತ್ತಾಗುತ್ತದೆ.